ಹಾಲು ಕರೆಯುವವರು ಯಾರು ಅಂತ ಮೊದಲು ಕೇಳಬೇಕಿತ್ತು

ಹಸುವಿನ ಕೆಚ್ಚಲು ಬಾವಿನ ಬಗ್ಗೆ ಒಂದು ಕರಪತ್ರ ತಿದ್ದಿಕೊಡಿ ಅಂತ ನಮ್ಮ ಕೈಗೆ ಬಂದಿತ್ತು. ಒಳಗಿನ ವಿಷಯ ಚೆನ್ನಾಗಿಯೇ ಇತ್ತು. ಪೀಠಿಕೆ ಮಾತ್ರ ಹೀಗಿತ್ತು:

"ರೈತ ಸಹೋದರರೇ, ಕರೆಯುವ ಮುನ್ನ ರೈತನು ತನ್ನ ಹೆಂಡತಿಯಿಂದ ಹಸುವಿನ ಕೆಚ್ಚಲು ತೊಳೆಸಬೇಕು. ನಿಮ್ಮ ಹೊಲದ ಹಸಿಮೇವು ಹಾಕಿ. ವಯಸ್ಸಾದವರು ವೈದ್ಯರಿಗೆ ಫೋಟೊ ಕಳಿಸಲು ಮಕ್ಕಳ ಸಹಾಯ ಪಡೆಯಿರಿ."

ದಿನಾ ಎರಡು ಹಸು ಕರೆಯುವ ಪಕ್ಕದ ಮನೆ ಅಕ್ಕನಿಗೆ ಓದಿ ಹೇಳಿದೆವು. "ಇದು ಯಜಮಾನ್ರಿಗೆ ಬರ್ದಿರೋದು ಕಣಪ್ಪ, ಅವ್ರು ಬಂದ್ಮೇಲೆ ಕೊಡಿ" ಅಂದುಬಿಟ್ಟರು. ಹಾಲು ಗಂಟುಗಂಟಾಗಿ ಬಂದರೆ ಮೊದಲು ಕಾಣುವುದು ಅವರಿಗೇ. ಯಜಮಾನರು ಸಂಜೆ ಓದಿ ಮಡಚಿಟ್ಟರೆ ಬಾವು ಅಲ್ಲೇ ಬಲಿಯುತ್ತದೆ.

ತಿದ್ದಲು ಕೂತಾಗ ನಮ್ಮಲ್ಲೊಬ್ಬರು "ಸಹೋದರ ಸಹೋದರಿಯರೇ" ಅಂತ ಹಾಕಿದರು. ಅದರಿಂದ ಏನೂ ಬದಲಾಗಲಿಲ್ಲ, ಮುಂದಿನ ಸಾಲಿನಲ್ಲಿ "ರೈತನು", "ತನ್ನ ಹೆಂಡತಿ" ಹಾಗೇ ಉಳಿದಿದ್ದವು. ಇನ್ನೊಬ್ಬರು "ರೈತನು/ರೈತ ಮಹಿಳೆಯು" ಅಂದರು. ಅದನ್ನು ಜೋರಾಗಿ ಓದಿ ನೋಡಿ, ನಾಲಿಗೆ ತಡವರಿಸುತ್ತದೆ. ರೈತ ಅಂದರೆ ಎಲ್ಲರೂ ಬಂದರಲ್ಲ ಅನ್ನುವವರೂ ಇದ್ದಾರೆ. "ರೈತರು" ಅಂದರೆ ಬರಬಹುದು. "ರೈತನು ತನ್ನ ಹೆಂಡತಿಯಿಂದ" ಅಂದ ಮೇಲೆ ಹೆಂಗಸರೂ ಇಲ್ಲ, ಮದುವೆಯಾಗದ ಹುಡುಗನೂ ಇಲ್ಲ, ಹೆಂಡತಿ ತೀರಿಕೊಂಡವರೂ ಇಲ್ಲ.

ಕನ್ನಡದಲ್ಲೇ ಇದಕ್ಕೆ ದಾರಿ ಇದೆ. ಯಾರು ಅನ್ನುವುದನ್ನು ಬಿಟ್ಟು ಏನು ಮಾಡುತ್ತಾರೆ ಅನ್ನುವುದನ್ನು ಹಿಡಿದರೆ "ಕರೆಯುವವರು" ಸಿಗುತ್ತದೆ. ನೇರವಾಗಿ "ನೀವು" ಅಂದು "ತೊಳೆಯಿರಿ", "ನೋಡಿ" ಅಂತ ಮುಗಿಸಿದರೆ ಗಂಡು ಹೆಣ್ಣಿನ ಮಾತೇ ಬರುವುದಿಲ್ಲ.

"ನಿಮ್ಮ ಹೊಲದ ಮೇವು" ಕೂಡ ತೆಗೆದೆವು. ಹೊಲವೇ ಇಲ್ಲದೆ ಬದುವಿನ ಹುಲ್ಲು ಕೊಯ್ದು ಹಸು ಸಾಕುವವರು ಎಷ್ಟು ಮಂದಿ! ವಯಸ್ಸಿನ ಸಾಲೂ ಹೋಯಿತು. ಫೋಟೊ ಕಳಿಸಲು ಬಾರದ ಮೂವತ್ತರವರೂ ಇದ್ದಾರೆ, ಅರವತ್ತರಲ್ಲಿ ವಿಡಿಯೋ ಕಾಲ್ ಮಾಡುವವರೂ ಇದ್ದಾರೆ.

ಕೊನೆಗೆ ಉಳಿದದ್ದು ಇಷ್ಟು:

"ನಮಸ್ಕಾರ. ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆದು ಒರೆಸಿ. ಒಂದೊಂದು ಮೊಲೆಯ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ. ಗಂಟು, ನೀರು ಅಥವಾ ರಕ್ತ ಕಂಡರೆ ಅವತ್ತೇ ಪಶುವೈದ್ಯರಿಗೆ ಫೋನ್ ಮಾಡಿ. ಫೋಟೊ ಕಳಿಸಲು ಬಾರದಿದ್ದರೆ ಬಾಯಲ್ಲೇ ಹೇಳಿದರೂ ಸಾಕು."

ಒಂದು ಕಡೆ ಮಾತ್ರ ನಾವು ಪದ ಬದಲಿಸಲಿಲ್ಲ. ಕಂದು ಹಾಕಿದ ಹಸುವಿನ ಮಾಸನ್ನು ಗರ್ಭಿಣಿಯರು ಮುಟ್ಟಬಾರದು ಅಂತ ಒಳಪುಟದಲ್ಲಿತ್ತು. ಆ ಹಸುವಿನಿಂದ ಕಾಯಿಲೆ ಯಾರಿಗಾದರೂ ಅಂಟಬಹುದು, ಆದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ ಆಗುವುದು ಗರ್ಭಿಣಿಯರಲ್ಲೇ. ಎಲ್ಲರನ್ನೂ ಸೇರಿಸುವ ಉತ್ಸಾಹದಲ್ಲಿ ಅದನ್ನು "ಎಲ್ಲರೂ ಎಚ್ಚರವಾಗಿರಿ" ಅಂತ ಮಾಡಿದ್ದರೆ ಹೇಳಬೇಕಾದವರಿಗೇ ಹೇಳದ ಹಾಗೆ ಆಗುತ್ತಿತ್ತು.

ಹೊಸದನ್ನು ಅಕ್ಕನಿಗೆ ಓದಿದಾಗ ಅವರು ಯಜಮಾನರ ಸುದ್ದಿ ತೆಗೆಯಲಿಲ್ಲ. "ಕಪ್ಪು ತಟ್ಟೆ ಇಲ್ಲ, ಹಳೇ ಕಬ್ಬಿಣದ ಬಾಣಲೆ ಆಗುತ್ತಾ?" ಅಂತ ಕೇಳಿದರು.