ಹದಿನೈದೇ ದಿನಕ್ಕೆ ಸುಸ್ತಾಗುವ ಡೋರ್‌ಬೆಲ್

ಕಳೆದ ತಿಂಗಳು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾಂದಿವಲಿಯ ಗೆಳೆಯರೊಬ್ಬರು ಸಿಕ್ಕಿದರು. "ಎಂತ ಮಾರಾಯ್ರೆ, ತಿಂಗಳುಗಟ್ಟಲೆ ಬರ್ತದೆ ಅಂತ ಹೇಳಿದ ವಿಡಿಯೋ ಬೆಲ್ಲಿನ ಸೆಲ್ಲು ಹದಿನೈದೇ ದಿನಕ್ಕೆ ಮುಗೀತದೆ. ಮೊನ್ನೆ ಗ್ಯಾಸಿನವ ಬಟನ್ ಒತ್ತಿ ಒತ್ತಿ ವಾಪಸ್ ಹೋದ, ಅಮ್ಮನಿಗೆ ಗೊತ್ತೇ ಆಗ್ಲಿಲ್ಲ" ಎಂದರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಚರ್ಚ್‌ಗೇಟ್ ಲೋಕಲ್ ಹಿಡಿದರೆ ಮನೆಯಲ್ಲಿ 78ರ ಅಮ್ಮ ಒಬ್ಬರೇ. ಆ ಭಾನುವಾರ ನಾನೇ ಹೋಗಿ ನೋಡಿದೆ.

ಅವರದು ಎರಡು ಎಎ ಸೆಲ್ಲು ಹಾಕುವ ಬೆಲ್. ಇಂಥ ಬೆಲ್ ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ. ಎದುರಿಗೆ ಬಿಸಿ ಮೈಯೊಂದು ಚಲಿಸಿದರೆ ಎಚ್ಚರಗೊಂಡು, ಕ್ಯಾಮೆರಾ ಮತ್ತು ವೈಫೈ ಎರಡನ್ನೂ ಹಚ್ಚಿ ವಿಡಿಯೋ ಕಳಿಸುತ್ತದೆ. ಖರ್ಚು ಇರುವುದು ಈ ಎಚ್ಚರದಲ್ಲಿ. ಅವರ ಬಾಗಿಲಿಗೆ ನೇರ ಎದುರೇ ಲಿಫ್ಟ್! ಹಾಲಿನವ, ಪೇಪರಿನವ, ಕಸದವ, ಶಾಲೆಯ ಮಕ್ಕಳು, ಪಕ್ಕದ ಮನೆಯ ಬಾಯಿ, ಡೆಲಿವರಿ ಹುಡುಗರು. ಆ್ಯಪ್‌ನಲ್ಲಿ ಒಂದು ದಿನದ ಎಣಿಕೆ 58. ಅದರಲ್ಲಿ ನಮ್ಮವರ ಬಾಗಿಲಿಗೆ ಬಂದವರು ಏಳು ಮಂದಿ.

ಆಮೇಲೆ ವೈಫೈ. ಆ್ಯಪ್‌ನ ಡಿವೈಸ್ ಮಾಹಿತಿಯಲ್ಲಿ RSSI ಎಂಬ ಅಂಕಿ ಇತ್ತು. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 65ರ ಒಳಗಿದ್ದರೆ ಚಿಂತೆಯಿಲ್ಲ. ಇಲ್ಲಿ ಮೈನಸ್ 78. ರೌಟರ್ ಒಳಗಿನ ಬೆಡ್‌ರೂಮಿನಲ್ಲಿ, ನಡುವೆ ಎರಡು ಗೋಡೆ, ಮೇಲಿಂದ ಕಬ್ಬಿಣದ ಸೇಫ್ಟಿ ಡೋರ್. ಸಿಗ್ನಲ್ ಕ್ಷೀಣವಾದಾಗ ಬೆಲ್ ಅದೇ ವಿಡಿಯೋವನ್ನು ನಿಧಾನವಾಗಿ, ಮತ್ತೆ ಮತ್ತೆ ಕಳಿಸಬೇಕಾಗುತ್ತದೆ. 20 ಸೆಕೆಂಡಿನ ಕೆಲಸಕ್ಕೆ 30 ಸೆಕೆಂಡು ಎಚ್ಚರವಿರುತ್ತದೆ. ಈ ಅಂಕಿಯನ್ನು ಎರಡೂ ಬಾಗಿಲು ಮುಚ್ಚಿಯೇ ನೋಡಿ. ತೆರೆದು ನೋಡಿದರೆ ಸುಳ್ಳು ಸಮಾಧಾನ.

ಮೂರನೆಯ ಖರ್ಚನ್ನು ಹೇಳಲು ಸ್ವಲ್ಪ ಸಂಕೋಚವಾಯಿತು. ಗೆಳೆಯರು ಆಫೀಸಿನಿಂದ ದಿನಕ್ಕೆ ಹತ್ತು ಸಲ ಲೈವ್ ತೆರೆದು ನೋಡುತ್ತಿದ್ದರು, ಅಮ್ಮನ ಯೋಚನೆಗೆ.

ಕಾಗದದ ಮೇಲೆ ಅಂದಾಜು ಲೆಕ್ಕ ಹಾಕಿದೆವು. ಎಚ್ಚರವಿದ್ದಾಗ 300 ಮಿಲಿಆಂಪ್ ಎಳೆಯುತ್ತದೆ ಎಂದುಕೊಳ್ಳಿ. 30 ಸೆಕೆಂಡಿಗೆ 2.5 ಮಿಲಿಆಂಪ್-ಅವರ್, 58 ಸಲಕ್ಕೆ 145. ಒಂದೊಂದು ನಿಮಿಷದ ಹತ್ತು ಲೈವ್‌ಗೆ 50. ನಿದ್ದೆಯ ಖರ್ಚು 5. ಒಟ್ಟು ದಿನಕ್ಕೆ 200. ಒಳ್ಳೆಯ ಲಿಥಿಯಂ ಎಎ ಸೆಲ್ಲಿನಲ್ಲಿ ಇರುವುದು ಸುಮಾರು 3000. ಭಾಗಿಸಿದರೆ ಸರಿಯಾಗಿ ಹದಿನೈದು ದಿನ! ಸೆಲ್ಲಿನದು ತಪ್ಪೇ ಇರಲಿಲ್ಲ.

ರೌಟರನ್ನು ಉದ್ದದ ಕೇಬಲ್ ಹಾಕಿ ಹಾಲಿಗೆ ತಂದೆವು. ಅಂಕಿ ಮೈನಸ್ 61ಕ್ಕೆ ಬಂತು. ಆ್ಯಪ್‌ನಲ್ಲಿ ಲಿಫ್ಟಿನ ಭಾಗವನ್ನು ಚಲನೆಯ ವಲಯದಿಂದ ತೆಗೆದು, ಸೂಕ್ಷ್ಮತೆಯನ್ನು ಇಳಿಸಿದೆವು. ಎಣಿಕೆ 12ರ ಸುತ್ತ ನಿಂತಿತು. ಚಲನೆ ಕಡಿಮೆ ಮಾಡಿದರೂ ಬಟನ್ ಒತ್ತಿದರೆ ಬೆಲ್ ಆಗಿಯೇ ಆಗುತ್ತದೆ, ಅಮ್ಮನಿಗೆ ಬೇಕಾದದ್ದು ಅದೇ. ಲೈವ್ ದಿನಕ್ಕೆ ಎರಡೇ ಸಲ, ಉಳಿದಂತೆ ಅಮ್ಮನಿಗೆ ಫೋನ್ ಎಂದು ಒಪ್ಪಂದವಾಯಿತು. ಹೊಸ ಲೆಕ್ಕ ದಿನಕ್ಕೆ 35, ಅಂದರೆ ಸುಮಾರು 85 ದಿನ.

ಸೆಲ್ಲಿನ ಆಯ್ಕೆಯಲ್ಲೂ ಅವರು ಎಡವಿದ್ದರು. ಲಿಥಿಯಂ ದುಬಾರಿ ಎಂದು ಅಲ್ಕಲೈನ್ ಹಾಕಿದಾಗ ವಾರವೂ ಬರಲಿಲ್ಲ. ಇಷ್ಟು ಜೋರಾಗಿ ಎಳೆದರೆ ಅದು ಅರ್ಧದಷ್ಟನ್ನೇ ಕೊಡುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲಂತೂ ಇದಕ್ಕೆ ಆಗದು. ರೀಚಾರ್ಜ್ ಸೆಲ್ಲು 1.5ರ ಬದಲು 1.2 ವೋಲ್ಟ್, ತುಂಬಿದ್ದರೂ ಬೆಲ್ ಅರ್ಧ ಎಂದು ಓದಬಹುದು, ಕೊನೆಗೆ ಎಚ್ಚರಿಕೆ ಕೊಡದೆ ನಿಂತುಬಿಡಬಹುದು.

ಸ್ಮಾರ್ಟ್ ಲಾಕಿನದು ಬೇರೆ ಕಥೆ. ಹಲವು ಲಾಕ್‌ಗಳು ಅಲ್ಕಲೈನನ್ನೇ ಕೇಳುತ್ತವೆ, ಏಕೆಂದರೆ ಅದರ ವೋಲ್ಟೇಜ್ ಮೆಲ್ಲಗೆ ಇಳಿಯುವುದರಿಂದ ಲಾಕ್ ಮುಂಚೆಯೇ ಎಚ್ಚರಿಸಬಲ್ಲದು. ಕೈಪಿಡಿ ಹೇಳಿದ್ದನ್ನೇ ಹಾಕಿ, ಹಳತು ಹೊಸತು ಬೆರೆಸಬೇಡಿ. ಮುಂಬಯಿ ಮಳೆಗೆ ಮರದ ಬಾಗಿಲು ಉಬ್ಬಿದರೆ ಬೋಲ್ಟ್ ಚೌಕಟ್ಟಿಗೆ ಉಜ್ಜಿ ಮೋಟಾರ್ ತಿಣುಕುತ್ತದೆ. ಬಾಗಿಲು ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ ಲಾಕ್ ಮಾಡಿ ಸದ್ದು ಕೇಳಿ. ಮುಚ್ಚಿದಾಗ ಎಳೆದಂತೆ ಕೇಳಿಸಿದರೆ ಕರೆಯಬೇಕಾದದ್ದು ಬಡಗಿಯನ್ನು. ಒಂದು ಕೀಲಿಯನ್ನು ನಂಬಿಕೆಯ ನೆರೆಮನೆಯಲ್ಲಿಡಿ.

ಗೆಳೆಯರ ಹೊಸ ಸೆಲ್ಲಿನ ಮೇಲೆ ಪೆನ್ನಿನಿಂದ ತಾರೀಖು ಬರೆದು ಬಂದಿದ್ದೇನೆ. ಇಂದಿಗೆ 31 ದಿನ. ನಿನ್ನೆ ಅಮ್ಮನೇ ಫೋನ್ ಮಾಡಿ, "ಗ್ಯಾಸ್ ಬಂತು ಮಗಾ" ಎಂದರು.