ಹಲ್ಲು ಕೀಳಿಸೋಕೆ ಬುಕ್ ಮಾಡಿದ್ರೆ ನಿಮ್ಮ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತಾ?

ಕಳೆದ ವಾರ ಅಮ್ಮನ ದವಡೆ ಹಲ್ಲು ಕೀಳಿಸಬೇಕಿತ್ತು. ನಮ್ಮ ತಾಲೂಕಿನ ಒಂದು ಸಣ್ಣ ಡೆಂಟಲ್ ಕ್ಲಿನಿಕ್ಕಿನ ವೆಬ್‌ಸೈಟಲ್ಲಿ ಬುಕ್ ಮಾಡಿದೆ. ಹೆಸರು ಬೇಡ ಬಿಡಿ, ಡಾಕ್ಟ್ರು ಒಳ್ಳೆಯವರೇ. ಅಲ್ಲಿದ್ದದ್ದು ಒಂದು ಗೂಗಲ್ ಫಾರ್ಮ್. ಹೆಸರು, ಮೊಬೈಲ್, ಯಾವ ಹೊತ್ತಿಗೆ ಬರ್ತೀರಿ ಅಂತ ಕೇಳಿ, ಕೊನೆಗೆ ‘ನಿಮಗಿರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ ಬರೆಯಿರಿ’ ಅಂತಿತ್ತು.

ತುಂಬಿ ಕಳಿಸಿದ ಮೇಲೆ ಪರದೆಯಲ್ಲಿ See previous responses ಅಂತ ಒಂದು ಲಿಂಕ್ ಬಂತು. ಒತ್ತಿದರೆ ನನಗಿಂತ ಮುಂಚೆ ಬುಕ್ ಮಾಡಿದ ಎಲ್ಲರ ಉತ್ತರ! ಹೆಸರಿನ ಪಟ್ಟಿ ಒಂದು ಕಡೆ, ನಂಬರ್ ಇನ್ನೊಂದು ಕಡೆ, ಕಾಯಿಲೆ ಮತ್ತೊಂದು ಕಡೆ. ಯಾರದ್ದು ಯಾವುದು ಅಂತ ನೇರವಾಗಿ ಬರೆದಿರಲ್ಲ. ಆದರೆ ದಿನಕ್ಕೆ ಹತ್ತು ಜನ ಬರೋ ಊರಲ್ಲಿ ಹೊಂದಿಸೋದು ಎಷ್ಟೊತ್ತಿನ ಕೆಲಸ? ಒಂದು ಉತ್ತರ ಹೀಗಿತ್ತು: ‘ಎರಡು ತಿಂಗಳ ಗರ್ಭಿಣಿ, ಮನೆಯಲ್ಲಿ ಇನ್ನೂ ಹೇಳಿಲ್ಲ.’ ತಕ್ಷಣ ಮುಚ್ಚಿಬಿಟ್ಟೆ.

ಇದು ಹ್ಯಾಕ್ ಅಲ್ಲ. ಫಾರ್ಮಿನ ಸೆಟ್ಟಿಂಗಲ್ಲಿ View results summary ಅಂತ ಒಂದು ಗುಂಡಿ ಇದೆ. ತಾನಾಗೇ ಆನ್ ಆಗಿರಲ್ಲ, ಫಾರ್ಮ್ ಮಾಡಿಕೊಟ್ಟವರು ಗೊತ್ತಿಲ್ಲದೆ ಆನ್ ಮಾಡಿರ್ತಾರೆ. ಡಾಕ್ಟ್ರಿಗೆ ಫೋನ್ ಮಾಡಿದೆ, ಗಾಬರಿಯಾಗಿ ಅವತ್ತೇ ತೆಗೆಸಿದ್ರು.

ಆದರೆ ಅಲ್ಲಿಗೇ ಮುಗಿಯಲಿಲ್ಲ. ಉತ್ತರಗಳು ಹೋಗಿ ಬೀಳೋ ಗೂಗಲ್ ಶೀಟಿನ ಲಿಂಕನ್ನ ಸಿಬ್ಬಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ರಂತೆ. ಅದು Anyone with the link ಅಂತಿದ್ದರೆ ಲಿಂಕ್ ಸಿಕ್ಕಿದ ಯಾರು ಬೇಕಾದ್ರೂ ತೆರೀಬಹುದು, ಕೆಲಸ ಬಿಟ್ಟು ಹೋದವರೂ ಕೂಡ. ಅದನ್ನ Restricted ಮಾಡಿ, ಬೇಕಾದವರ ಇಮೇಲ್ ಮಾತ್ರ ಸೇರಿಸಬೇಕು. ಪರೀಕ್ಷೆ ಸುಲಭ: ಲಾಗಿನ್ ಆಗದ ಬೇರೆ ಮೊಬೈಲಲ್ಲಿ ಲಿಂಕ್ ಒತ್ತಿ ನೋಡಿ, ಶೀಟ್ ತೆರೆದುಕೊಂಡರೆ ಸೋರ್ತಿದೆ ಅಂತ ಅರ್ಥ.

ಕಾಯಿಲೆ ಕೇಳೋದೇ ತಪ್ಪಾ? ಅಲ್ಲ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರ ಹಲ್ಲು ಕಿತ್ತರೆ ರಕ್ತ ಬೇಗ ನಿಲ್ಲಲ್ಲ, ಡಾಕ್ಟ್ರಿಗೆ ಅದು ಮೊದಲೇ ಗೊತ್ತಿರಲೇಬೇಕು. ಅದನ್ನ ವಾಪಸ್ ಫೋನ್ ಮಾಡಿದಾಗಲೋ ಕುರ್ಚಿಯಲ್ಲಿ ಕೂರಿಸಿದಾಗಲೋ ಕೇಳಬಹುದು. ಸಮಯ ಗೊತ್ತು ಮಾಡೋಕೆ ಹೆಸರು, ನಂಬರ್, ಕೀಳಿಸೋದಾ, ರೂಟ್ ಕೆನಾಲಾ, ಬರೀ ಕ್ಲೀನಿಂಗಾ ಅನ್ನೋದಷ್ಟೇ ಸಾಕು. ಹೆಂಗಿದ್ರೂ ಫೋನ್ ಮಾಡಲೇಬೇಕು, ಯಾಕಂದ್ರೆ ಈ ಫಾರ್ಮ್ ತಾನಾಗೇ ಸಮಯ ಕಾಯ್ದಿರಿಸಲ್ಲ. ಹತ್ತೂವರೆಗೆ ಅಂತ ನಾವು ಹೋದರೆ ಅದೇ ಹೊತ್ತಿಗೆ ಇನ್ನಿಬ್ಬರು ಕೂತಿದ್ರು.

ಕಾನೂನೂ ಇದನ್ನೇ ಹೇಳುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿ ಪಡೆಯಬೇಕು. ಅದರ ನಿಯಮಗಳು 2025ರ ನವೆಂಬರಲ್ಲಿ ಬಂದವು, ಮುಖ್ಯ ಅಂಶಗಳು ಜಾರಿಯಾಗೋಕೆ 18 ತಿಂಗಳ ಗಡುವಿದೆ. ಸಣ್ಣ ಕ್ಲಿನಿಕ್ಕಿಗೂ ಇದು ಅನ್ವಯ. ಫಾರ್ಮಲ್ಲಿ ಆರ್ಡರ್ ತಗೊಳ್ಳೋ ನಮ್ಮ ಪೇಟೆ ಬೀದಿ ಅಂಗಡಿಯವರೂ ಆ ಗುಂಡಿ ಒಮ್ಮೆ ನೋಡಿಕೊಳ್ಳಿ.

ಡಾಕ್ಟ್ರು ಈಗ ಕಾಯಿಲೆಯ ಪ್ರಶ್ನೆ ತೆಗೆದಿದ್ದಾರೆ. ಹಳೇ ಶೀಟ್ ಏನು ಮಾಡ್ತೀರಿ ಅಂತ ಕೇಳಿದೆ. ‘ಆ ಹುಡುಗನ್ನ ಕೇಳಿ ಹೇಳ್ತೀನಿ’ ಅಂದ್ರು.