ರವಾನೆ ಖರ್ಚು ಯಾರ ತಲೆಗೆ?

ಅಡಿಕೆಯನ್ನು ಮಂಡಿಗೆ ಹಾಕಿ ಬಂದ ಬೆಳೆಗಾರ ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ನೋಡುವುದು ಧಾರಣೆಯನ್ನಲ್ಲ, ಕೆಳಗಿನ ಕಳೆತಗಳನ್ನು. ಹಮಾಲಿ ಇಷ್ಟು, ತೂಕದ ಖರ್ಚು ಇಷ್ಟು, ಲಾರಿ ಬಾಡಿಗೆ ಇಷ್ಟು ಎಂದು ಅಲ್ಲಿ ಬರೆದಿರುತ್ತದೆ. ಹೆಚ್ಚೆನಿಸಿದರೆ ಮಂಡಿಯವರನ್ನು ಕೇಳುತ್ತೇವೆ, ಜಗಳವನ್ನೂ ಆಡುತ್ತೇವೆ. ಆದರೆ ನಮ್ಮ ಕಾಫಿ ಸಮುದ್ರ ದಾಟಿ ಹೋಗಿ, ಅದರ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹಾರಿ ಬರುವಾಗ ದಾರಿಯಲ್ಲಿ ಆಗುವ ಕಳೆತಕ್ಕೆ ಪಟ್ಟಿಯೇ ಇಲ್ಲ. ಬಂದಷ್ಟು ಬಂತು ಎಂದು ಸುಮ್ಮನಾಗುತ್ತೇವೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಈ ಚಿಂತೆ ನಮಗೆ ಇರಲಿಲ್ಲ. ಕಾಫಿಯನ್ನು ಪೂಲಿಗೆ ಕೊಟ್ಟು, ಕಂತು ಕಂತಾಗಿ ಬರುವ ರೂಪಾಯಿಯ ದಾರಿ ಕಾಯುತ್ತಿದ್ದೆವು. ಬೆಳೆಗಾರನಿಗೆ ಡಾಲರಿನ ಮುಖ ಕಾಣುವ ಪ್ರಸಂಗವೇ ಬರುತ್ತಿರಲಿಲ್ಲ. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈಗ ಸಣ್ಣ ಬೆಳೆಗಾರರೂ ಕೂಡಿಕೊಂಡು ಹತ್ತಿಪ್ಪತ್ತು ಚೀಲದ ಒಳ್ಳೆಯ ಕಾಫಿಯನ್ನು ಹೊರದೇಶದ ಹುರಿಯುವವರಿಗೆ ನೇರವಾಗಿ ಕಳಿಸುತ್ತಿದ್ದಾರೆ. ಹಾಗೆ ಕಳಿಸುವವರು ಬಿಲ್ಲು ಬರೆಯುವುದನ್ನೂ ಕಲಿಯಬೇಕು.

ಕಳಸದ ಕಡೆಯ ನಮ್ಮ ಐವರು ಸದಸ್ಯರ ಲೆಕ್ಕವನ್ನೇ ನೋಡೋಣ. ಅವರ ಹತ್ತು ಚೀಲ ಅರೇಬಿಕಾ, ಚೀಲಕ್ಕೆ 60 ಕಿಲೋದಂತೆ ಒಟ್ಟು 600 ಕಿಲೋ, ಜರ್ಮನಿಯ ಒಬ್ಬ ಸಣ್ಣ ವ್ಯಾಪಾರಿಗೆ ಹೋಯಿತು. ಕಿಲೋಗೆ 8 ಡಾಲರ್‌ನಂತೆ ಬಿಲ್ಲು 4,800 ಡಾಲರ್. ಕಾಫಿ ತಲುಪಿತು, ರುಚಿ ಮೆಚ್ಚುಗೆಯಾಯಿತು, ಹಣವೂ ಹೇಳಿದ ದಿನಕ್ಕೆ ಬಂತು. ಆದರೆ ಬಂದದ್ದು 4,765 ಡಾಲರ್. ಕೇಳಿದರೆ ವ್ಯಾಪಾರಿ, ತಾನು ಪೂರ್ತಿ 4,800 ಕಟ್ಟಿದ್ದೇನೆ ಎಂದ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಬ್ಯಾಂಕಿನವರು, ತಮಗೆ ಬಂದದ್ದೇ 4,765 ಎಂದರು. ಅದೂ ಸುಳ್ಳಲ್ಲ. ಹಾಗಾದರೆ 35 ಡಾಲರ್ ಎಲ್ಲಿ ಹೋಯಿತು?

ಡಾಲರಿನ ಹಣ ಜರ್ಮನಿಯಿಂದ ಚಿಕ್ಕಮಗಳೂರಿಗೆ ನೆಟ್ಟಗೆ ಬರುವುದಿಲ್ಲ. ವ್ಯಾಪಾರಿಯ ಬ್ಯಾಂಕು ನ್ಯೂಯಾರ್ಕಿನ ಯಾವುದೋ ಬ್ಯಾಂಕಿನಲ್ಲಿ ಡಾಲರ್ ಖಾತೆ ಇಟ್ಟಿರುತ್ತದೆ. ನಮ್ಮ ಬ್ಯಾಂಕು ಅದೇ ಊರಿನ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ಇಟ್ಟಿರುತ್ತದೆ. ಹಣ ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ನಮ್ಮ ಬ್ಯಾಂಕಿಗೆ ಬರುತ್ತದೆ. ಈ ನಡುವಿನವೇ ಮಧ್ಯವರ್ತಿ ಬ್ಯಾಂಕುಗಳು. ನಮ್ಮ ಸದಸ್ಯರ ಹಣದಲ್ಲಿ ಒಂದು 20 ಡಾಲರ್, ಇನ್ನೊಂದು 15 ಡಾಲರ್ ತಮ್ಮ ಕೂಲಿಯೆಂದು ಹಿಡಿದುಕೊಂಡಿದ್ದವು. ವ್ಯಾಪಾರಿಯ ಬ್ಯಾಂಕಿನಿಂದ ರವಾನೆ ಸಂದೇಶದ ಪ್ರತಿ ತರಿಸಿದ ಮೇಲೆ ಇದು ತಿಳಿಯಿತು. ಅದರಲ್ಲಿ ಕಳಿಸಲು ಹೇಳಿದ ಮೊತ್ತ, ಕಳೆದ ಖರ್ಚು, ಕೊನೆಗೆ ದಾಟಿದ ಮೊತ್ತ ಬೇರೆ ಬೇರೆಯಾಗಿ ನಮೂದಾಗಿರುತ್ತವೆ. ಪ್ರತಿಯೊಂದು ರವಾನೆಗೂ UETR ಎಂಬ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟರೆ ಹಣ ಯಾವ ಬ್ಯಾಂಕಿನ ಮೂಲಕ ಬಂತೆಂದು ನಮ್ಮ ಬ್ಯಾಂಕಿನವರೂ ಹುಡುಕಿ ಹೇಳಬಲ್ಲರು.

ಈ ಕೂಲಿಯನ್ನು ಯಾರು ಹೊರಬೇಕೆಂಬುದನ್ನು ತೀರ್ಮಾನಿಸುವುದು ಬ್ಯಾಂಕಲ್ಲ, ಹಣ ಕಳಿಸುವವನು ತುಂಬುವ ಫಾರಂ. ಅದರಲ್ಲಿ ಮೂರು ದಾರಿ ಇರುತ್ತವೆ. OUR ಎಂದು ಗುರುತು ಹಾಕಿದರೆ ರವಾನೆ ಖರ್ಚೆಲ್ಲ ಕಳಿಸುವವನದು. BEN ಎಂದು ಹಾಕಿದರೆ ಎಲ್ಲವೂ ಹಣ ಪಡೆಯುವವರದು, ಎಂದರೆ ನಮ್ಮದು. SHA ಎಂದರೆ ಹಂಚಿಕೆ. ಕಳಿಸುವವನು ತನ್ನ ಬ್ಯಾಂಕಿನ ಖರ್ಚನ್ನು ಕೊಡುತ್ತಾನೆ, ಅಲ್ಲಿಂದ ಈಚಿನದು ನಮ್ಮ ತಲೆಗೆ. 2025ರ ನವೆಂಬರಿನಿಂದ ಬ್ಯಾಂಕುಗಳ ನಡುವಿನ ಸಂದೇಶಗಳು ಹೊಸ ನಮೂನೆಗೆ ಬದಲಾದ ಕಾರಣ ಪ್ರತಿಯಲ್ಲಿ ಇವೇ ಮೂರು DEBT, CRED, SHAR ಎಂದು ಕಾಣಬಹುದು. ಹೆಸರು ಬೇರೆ, ಅರ್ಥ ಅದೇ.

ನಮ್ಮ ಬಿಲ್ಲಿನಲ್ಲಿ ಈ ವಿಷಯವಾಗಿ ಒಂದಕ್ಷರವೂ ಇರಲಿಲ್ಲ. ಬಿಲ್ಲು ಮಾತಾಡದಿದ್ದಾಗ ವ್ಯಾಪಾರಿ SHA ಎಂದು ಗುರುತು ಹಾಕಿದ. ಅವನನ್ನು ದೂರುವಂತಿಲ್ಲ, ತಪ್ಪು ನಮ್ಮದು.

35 ಡಾಲರ್ ಏನು ಮಹಾ ಎನ್ನುವವರಿದ್ದಾರೆ. ಲೆಕ್ಕ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಎಂದು ಹಿಡಿಯೋಣ. 35 ಡಾಲರ್ ಎಂದರೆ 3,150 ರೂಪಾಯಿ. ದೊಡ್ಡ ರಫ್ತುದಾರ 320 ಚೀಲದ ಒಂದು ಕಂಟೇನರ್, ಅಂದರೆ 19,200 ಕಿಲೋ ಕಳಿಸಿದಾಗಲೂ ದಾರಿಯಲ್ಲಿ ಅಷ್ಟೇ ಹೋಯಿತೆನ್ನಿ. ಅವನಿಗೆ ಕಿಲೋಗೆ ಬೀಳುವುದು ಸುಮಾರು 16 ಪೈಸೆ. ನಮ್ಮ 600 ಕಿಲೋಗೆ ಅದೇ ಖರ್ಚು ಕಿಲೋಗೆ 5 ರೂಪಾಯಿ 25 ಪೈಸೆ. ಈ ಕೂಲಿ ಸರಕಿನ ತೂಕ ನೋಡುವುದಿಲ್ಲ, ರವಾನೆಗಳ ಸಂಖ್ಯೆಯನ್ನು ಎಣಿಸುತ್ತದೆ. ಮುಂಗಡ ಒಂದು ಕಂತು, ಬಾಕಿ ಒಂದು ಕಂತು ಎಂದು ಹಣ ತರಿಸಿದರೆ ಎರಡು ಸಲ ಹೋಗುತ್ತದೆ. ಮುಂಗಡ ಬೇಡವೆಂದು ನಾವು ಹೇಳುವುದಿಲ್ಲ. ಹೊಸ ವ್ಯಾಪಾರಿಯಾದರೆ ಮುಂಗಡವೇ ಕ್ಷೇಮ. ಆದರೆ ಅದರ ಖರ್ಚು ಎರಡರಷ್ಟೆಂಬುದು ತಿಳಿದಿರಲಿ.

ಇನ್ನು ಹಣದ ಜಾತಿಯ ಮಾತು. ಅರೇಬಿಕಾದ ಜಾಗತಿಕ ಧಾರಣೆ ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದು ನಿಲ್ಲುವುದರಿಂದ ಡಾಲರಿನಲ್ಲಿ ಬಿಲ್ಲು ಬರೆಯುವುದು ಸಹಜ. ಯೂರೋಪಿನ ವ್ಯಾಪಾರಿ ಯೂರೋದಲ್ಲಿ ಕೊಡುತ್ತೇನೆಂದರೆ ಅದೂ ಆಗಬಹುದು. ಆಗ ಹಣ ನ್ಯೂಯಾರ್ಕ್ ಸುತ್ತಿ ಬರಬೇಕಾಗಿಲ್ಲ, ನಡುವಿನ ಒಂದು ಕೈ ಕಡಿಮೆಯಾಗುವ ಸಂಭವವಿದೆ. ಆದರೆ ಬೆಲೆಯನ್ನು ಒಪ್ಪಂದದ ದಿನವೇ ಯೂರೋದಲ್ಲಿ ಕಟ್ಟಿ ಬರೆಯಬೇಕು. ಬಿಲ್ಲಿನಲ್ಲಿ ಎಂದಿಗೂ ಬರೆಯಬಾರದ್ದು, ಇಷ್ಟು ಡಾಲರ್ ಅಥವಾ ಅದಕ್ಕೆ ಸಮನಾದ ಯೂರೋ ಎಂಬ ಮಾತು. ಯಾವ ದಿನಕ್ಕೆ ಸಮ, ಯಾರ ಬ್ಯಾಂಕಿನ ದರಕ್ಕೆ ಸಮ? ಅಲ್ಲಿ ಬಿಟ್ಟ ಸಂದಿಯಲ್ಲಿ ಬೀಳುವುದು ನಮ್ಮ ಕಾಸೇ.

ಹಣ ಇಲ್ಲಿಗೆ ಬಂದ ಮೇಲೂ ಒಂದು ಕಳೆತವಿದೆ, ಅದು ಕಣ್ಣಿಗೆ ಬೀಳುವುದಿಲ್ಲ. ಆ ದಿನ ಪೇಟೆಯಲ್ಲಿ ಡಾಲರಿಗೆ 90 ರೂಪಾಯಿ ಇದ್ದಾಗ ಬ್ಯಾಂಕು 89 ರೂಪಾಯಿ 20 ಪೈಸೆಗೆ ಕೊಂಡಿತೆನ್ನಿ. 4,765 ಡಾಲರಿಗೆ 80 ಪೈಸೆಯಂತೆ 3,812 ರೂಪಾಯಿ. ಮಧ್ಯವರ್ತಿಗಳಿಬ್ಬರೂ ಸೇರಿ ಹಿಡಿದದ್ದಕ್ಕಿಂತ ಇದೇ ಹೆಚ್ಚು! ಇದಕ್ಕೆ ಯಾವ ಚೀಟಿಯೂ ಬರುವುದಿಲ್ಲ. ಹಣ ಬರುತ್ತಿದೆಯೆಂದು ತಿಳಿದ ದಿನವೇ ಕಾರ್ಯದರ್ಶಿಯವರು ಬ್ಯಾಂಕಿಗೆ ಫೋನ್ ಮಾಡಿ, ಇವತ್ತು ಯಾವ ದರ ಕೊಡುತ್ತೀರಿ, ಸ್ವಲ್ಪ ಏರಿಸುತ್ತೀರಾ ಎಂದು ಕೇಳಬೇಕು. ಕೇಳಿದವರಿಗೆ ಒಂದು ದರ, ಸುಮ್ಮನಿದ್ದವರಿಗೆ ಇನ್ನೊಂದು ದರ ಎಂಬುದು ಅನುಭವದ ಮಾತು.

ಖರ್ಚನ್ನು ಹಂಚುವ ನ್ಯಾಯವೇನು? ನಮ್ಮ ಅಭಿಪ್ರಾಯವಿದು: ಭಾರತದ ಹೊರಗಿನ ರವಾನೆ ಖರ್ಚೆಲ್ಲ ಕೊಳ್ಳುವವನದು, ಒಳಗಿನದು ನಮ್ಮದು. ಅವನ ಬ್ಯಾಂಕನ್ನು ಆರಿಸಿದವನು ಅವನು, ನಮ್ಮ ಬ್ಯಾಂಕನ್ನು ಆರಿಸಿದವರು ನಾವು. ಅದರಂತೆ ಪ್ರತಿಯೊಂದು ಬಿಲ್ಲಿನಲ್ಲೂ ಮೊತ್ತದ ಕೆಳಗೆ ಮೂರು ಮಾತು ಇರಲಿ. ಒಂದು, ಹಣ ಯಾವ ನಾಣ್ಯದಲ್ಲಿ ಬರಬೇಕು. ಎರಡು, ರವಾನೆ OUR ಎಂದೇ ಆಗಬೇಕು. ಮೂರು, ಬಿಲ್ಲಿನ ಪೂರ್ತಿ ಮೊತ್ತ ನಮ್ಮ ಬ್ಯಾಂಕಿಗೆ ಮುಟ್ಟಬೇಕು, ಕಡಿಮೆ ಬಿದ್ದದ್ದನ್ನು ಕೊಳ್ಳುವವನು ಮುಂದಿನ ಬಿಲ್ಲಿನೊಡನೆ ತುಂಬಿಕೊಡಬೇಕು. ಮೂರನೆಯ ಮಾತು ಯಾಕೆಂದರೆ, OUR ಎಂದು ಹಾಕಿದರೂ ನಡುವಿನ ಬ್ಯಾಂಕೊಂದು ಕೆಲವೊಮ್ಮೆ ಕೈಹಾಕುವುದುಂಟು. ಇದನ್ನೆಲ್ಲ ಕಾಫಿ ಹಡಗು ಹತ್ತಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ, ಬೆಲೆ ಮಾತಾಡುವಾಗಲೇ ಹೇಳಬೇಕು.

ಕೊಳ್ಳುವವನೂ ಸಣ್ಣವನಾಗಿದ್ದು ಒಪ್ಪದೆ ಹೋದರೆ? ಜಗಳ ಬೇಡ. 35 ಡಾಲರನ್ನು 600 ಕಿಲೋಗೆ ಹಂಚಿದರೆ ಕಿಲೋಗೆ ಸುಮಾರು 6 ಸೆಂಟ್. 8 ಡಾಲರಿನ ಬದಲು 8 ಡಾಲರ್ 6 ಸೆಂಟ್ ಎಂದು ಬೆಲೆ ಹೇಳಿ, ಕಾರಣವನ್ನೂ ಹೇಳಿ. ಬಾಯಿಬಿಟ್ಟು ಹೇಳಿದ ಖರ್ಚಿಗೆ ಮರ್ಯಾದೆಯಿದೆ.

ಕಡಿಮೆ ಬಂದ ಹಣದಿಂದ ಇನ್ನೊಂದು ತೊಡಕುಂಟು. ರಫ್ತಿನ ಶಿಪ್ಪಿಂಗ್ ಬಿಲ್ಲಿನ ಮೊತ್ತಕ್ಕೂ ಬಂದ ಹಣಕ್ಕೂ ತಾಳೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಆ ಬಿಲ್ಲು ಬಾಕಿಯೆಂದೇ ಉಳಿಯುತ್ತದೆ. 2025ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು, 10 ಲಕ್ಷ ರೂಪಾಯಿವರೆಗಿನ ಬಿಲ್ಲುಗಳನ್ನು ರಫ್ತುದಾರನ ಹೇಳಿಕೆಯ ಮೇಲೆಯೇ, ಮೊತ್ತ ಕಡಿಮೆಯಾಗಿದ್ದರೂ, ಮುಕ್ತಾಯ ಮಾಡಬಹುದೆಂದು ಬ್ಯಾಂಕುಗಳಿಗೆ ತಿಳಿಸಿತು. ನಮ್ಮಂಥವರ ಬಿಲ್ಲುಗಳು ಬಹುಮಟ್ಟಿಗೆ ಇದರೊಳಗೇ ಬರುತ್ತವೆ. ಆದರೆ ಆ ಹೇಳಿಕೆಯನ್ನು ನಾವು ಬರೆದು ಕೊಡಬೇಕು. ಬಿಲ್ಲು ತಾನಾಗಿ ಮುಗಿಯುವುದಿಲ್ಲ. ರವಾನೆ ಸಂದೇಶದ ಪ್ರತಿಯನ್ನು ಜೋಪಾನವಾಗಿಡಿ ಎನ್ನುವುದು ಇದಕ್ಕಾಗಿಯೂ ಹೌದು.

ಕೊನೆಯದು ನಮ್ಮ ಮನೆಯೊಳಗಿನ ಮಾತು. ಆ ಐವರಲ್ಲಿ ಒಬ್ಬರ ಕಾಫಿ ನಾಲ್ಕು ಚೀಲ, ಇಬ್ಬರದು ಎರಡೆರಡು, ಇಬ್ಬರದು ಒಂದೊಂದು. ಹೋದ 3,150 ರೂಪಾಯಿಯನ್ನು ಐದು ಪಾಲು ಮಾಡಿ ತಲಾ 630 ಎಂದು ಕಳೆದುಬಿಟ್ಟೆವು. ಒಂದು ಚೀಲದವರಿಗೆ ಕಿಲೋಗೆ ಹತ್ತೂವರೆ ರೂಪಾಯಿ ಬಿತ್ತು, ನಾಲ್ಕು ಚೀಲದವರಿಗೆ ಮೂರು ರೂಪಾಯಿಯೂ ಬೀಳಲಿಲ್ಲ. ಚೀಲಕ್ಕೆ 315 ರೂಪಾಯಿಯಂತೆ ಕಳೆಯಬೇಕಾಗಿತ್ತು. ಯಾರೂ ದೂರು ಹೇಳಲಿಲ್ಲ, ಏಕೆಂದರೆ ಯಾರಿಗೂ ಪಟ್ಟಿ ಕೊಟ್ಟಿರಲಿಲ್ಲ. ಹೊರಗಿನ ಬ್ಯಾಂಕು ಹೇಳದೆ ಕಳೆಯಿತೆಂದು ದೂರುವ ನಾವೇ ನಮ್ಮ ಸದಸ್ಯರಿಗೆ ಹೇಳದೆ ಕಳೆದದ್ದು ಯಾವ ನ್ಯಾಯ?

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎರಡು ಠರಾವುಗಳು ಆಗಬೇಕೆಂದು ಕೋರುತ್ತೇವೆ. ಮೇಲೆ ಹೇಳಿದ ಮೂರು ಮಾತುಗಳಿಲ್ಲದ ಬಿಲ್ಲು ನಮ್ಮ ಸಂಘದಿಂದ ಹೊರಗೆ ಹೋಗಬಾರದು. ಹೊರದೇಶದ ಹಣ ಬಂದಾಗ ಬಿಲ್ಲಿನ ಮೊತ್ತ, ದಾರಿಯಲ್ಲಿ ಕಳೆದದ್ದು, ಬ್ಯಾಂಕು ಕೊಟ್ಟ ದರ, ಆ ದಿನದ ಪೇಟೆ ದರ, ಕಿಲೋವಾರು ಪಾಲು, ಇಷ್ಟನ್ನೂ ಬರೆದ ಪಟ್ಟಿ ಪ್ರತಿಯೊಬ್ಬ ಸದಸ್ಯನ ಕೈಗೆ ಬರಬೇಕು. ಒಂದು ಚೀಲ ಕೊಟ್ಟವರಿಗೂ ಸಹ.